ಶನಿವಾರದ ಕನ್ನಡ ತರಗತಿ

ತಿಪಟೂರು ಸೀಮೆಯಿಂದ ದುಬೈಗೆ, ಅಮೆರಿಕಕ್ಕೆ ಹೋದವರ ಮಕ್ಕಳು ಈಗ ವಾರಾಂತ್ಯದ ಕನ್ನಡ ತರಗತಿಗೆ ಹೆಸರು ಕೊಡುತ್ತಿದ್ದಾರೆ. ದುಬೈನಲ್ಲಂತೂ ಕನ್ನಡ ಮಿತ್ರರು ಸಂಘಟನೆಯವರು 2014ರಿಂದ ಉಚಿತವಾಗಿ ಕನ್ನಡ ಪಾಠಶಾಲೆ ನಡೆಸುತ್ತಿದ್ದಾರೆ.

ಹೆಸರು ನೋಂದಾಯಿಸುವಾಗ ಪೋಷಕರು ಮಗುವಿನ ವಯಸ್ಸನ್ನಷ್ಟೇ ಬರೆದರೆ ಸಾಲದು. ಒಂಬತ್ತು ವರ್ಷದ ಹುಡುಗಿಯೊಬ್ಬಳಿದ್ದಾಳೆ ಎನ್ನಿ. ಅಮ್ಮ ಹೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಕ್ಷರ ಬರದೆಂದು ಅವಳನ್ನು ಐದು ವರ್ಷದವರ ಜೊತೆ ಕೂರಿಸಿದರೆ ಬೇಸರಪಟ್ಟು ಬರುವುದನ್ನೇ ಬಿಡುತ್ತಾಳೆ. ಮಾತಿಗೆ ಓರಗೆಯವರ ಗುಂಪು, ಅಕ್ಷರಕ್ಕೆ ಹೊಸಬರ ಗುಂಪು ಎಂದು ಎರಡು ಕಡೆ ಸೇರಿಸುವುದೇ ಸರಿ.

ಓದಿಗೂ ಒಂದು ಉಪಾಯವುಂಟು. ಇಡೀ ವರ್ಣಮಾಲೆ ಬಾಯಿಪಾಠ ಮಾಡಿಸುವುದಕ್ಕಿಂತ ನಮ್ಮ ನಲಿ-ಕಲಿ ಶಾಲೆಗಳಂತೆ ರ, ಗ, ಸ, ದ, ಅ ಎಂದು ಶುರುಮಾಡಿದರೆ ಮೊದಲ ದಿನವೇ ‘ಅರಸ’, ‘ಸರ’ ಓದಬಹುದು. ವಾರಕ್ಕೊಂದೇ ತರಗತಿ ಇರುವವರಿಗೆ ಈ ಬೇಗದ ಗೆಲುವು ಬೇಕು.

ನಡುವಿನ ಆರು ದಿನದ ಮರೆವಿಗೆ ಊರಿನ ಅಜ್ಜಿಯೇ ಮದ್ದು. ವಿಡಿಯೋ ಕರೆಯಲ್ಲಿ ‘ಊಟ ಆಯ್ತಾ’ ಎಂದರೆ ‘ಹೂಂ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಅದರ ಬದಲು ಅಟ್ಟದ ಮೇಲಿನ ಕೊಬ್ಬರಿ ತೋರಿಸಿ, ‘ಕಾಯಿ ಅಲ್ಲಾಡಿಸಿದರೆ ಒಳಗೆ ಏನು ಸದ್ದಾಗುತ್ತೆ ಹೇಳವ್ವ’ ಎಂದು ಕೇಳಲಿ. ಮಗು ತಡವರಿಸಿದಾಗ ಅಮ್ಮ ಪಕ್ಕದಿಂದ ಉತ್ತರ ಹೇಳಿಕೊಡಬಾರದು, ಅಜ್ಜಿಯೂ ನಗಬಾರದು. ಅಜ್ಜಿಯರಿಗೆ ಇದು ಕಷ್ಟವೇ!