ಬೆಳೆದ ಮಗನನ್ನು ಕಳೆದುಕೊಂಡ ಮನೆಯಲ್ಲಿ ಏನು ಮಾತಾಡಬೇಕು?

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಸಾವಾದ ಮನೆಗೆ ಹೋಗುವುದಕ್ಕೆ ನಮ್ಮ ಕಡೆ ‘ಮಾತಾಡಿಸಿ ಬರುವುದು’ ಎನ್ನುತ್ತೇವೆ. ವಯಸ್ಸಾದವರು ಲಿಂಗೈಕ್ಯರಾದ ಮನೆಯಲ್ಲಿ ಇದು ಕಷ್ಟವಲ್ಲ. ‘ತುಂಬು ಬಾಳು ಬಾಳಿದರು’ ಎಂದರೆ ಮನೆಯವರೂ ಒಪ್ಪುತ್ತಾರೆ. ಆದರೆ ದುಡಿಯುವ ವಯಸ್ಸಿನ ಮಗನೋ ಮಗಳೋ ಹೋದ ಮನೆಯಲ್ಲಿ ನಮ್ಮ ಬಾಯಿ ಕಟ್ಟುತ್ತದೆ. ಸುಮ್ಮನೆ ಕೂರಲು ಆಗುವುದಿಲ್ಲ, ಏನಾದರೂ ಒಂದು ದಾರಿ ಹೇಳಿಬಿಡೋಣ ಅನ್ನಿಸುತ್ತದೆ. ಹಾಗೆ ಹೊರಡುವ ಮಾತುಗಳಲ್ಲಿ ಒಂದು: ‘ಈಗ ಎಲ್ಲದಕ್ಕೂ ಚಿಕಿತ್ಸೆ ಇದೆ, ಇನ್ನೊಂದು ಮಗು ಮಾಡಿಕೊಳ್ಳಿ. ಇಲ್ಲವಾದರೆ ದತ್ತು ತಗೊಳ್ಳಿ.’ ಹೇಳುವವರ ಮನಸ್ಸು ಒಳ್ಳೆಯದೇ. ಆದರೂ ಈ ಮಾತು ಯಾವ ತಾಯಿತಂದೆಗೂ ಏಕೆ ಆಸರೆಯಾಗುವುದಿಲ್ಲ ಎಂಬುದನ್ನು ಇವತ್ತು ನೋಡೋಣ.

ಒಂದು ಮನೆಯನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ. ತಂದೆಗೆ 56 ವರ್ಷ, ತಾಯಿಗೆ 51. ಒಬ್ಬನೇ ಮಗ, 27ರ ಹರೆಯ, ಬೆಂಗಳೂರಿನಲ್ಲಿ ಕೆಲಸ. ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ಬರುವಾಗ ಅಪಘಾತದಲ್ಲಿ ತೀರಿಕೊಂಡ. ಇಂಥ ಮನೆ ನಮ್ಮ ಪ್ರತಿಯೊಂದು ತಾಲ್ಲೂಕಿನಲ್ಲೂ ಇದೆ.

ಮೊದಲು ಲೆಕ್ಕ ನೋಡೋಣ. ಐವಿಎಫ್‌ನಂಥ ಚಿಕಿತ್ಸೆಗೆ 2021ರ ಕೇಂದ್ರ ಕಾಯ್ದೆ ವಯಸ್ಸಿನ ಮಿತಿ ಹಾಕಿದೆ: ಹೆಂಗಸಿಗೆ 50, ಗಂಡಸಿಗೆ 55. ಈ ದಂಪತಿ ಇಬ್ಬರೂ ಆ ಮಿತಿ ದಾಟಿದ್ದಾರೆ. ದತ್ತು ನಿಯಮದಲ್ಲಿ ಗಂಡ ಹೆಂಡತಿಯ ವಯಸ್ಸನ್ನು ಕೂಡಿಸುತ್ತಾರೆ. 2 ವರ್ಷದೊಳಗಿನ ಮಗುವಿಗೆ ಮೊತ್ತ 85 ದಾಟಬಾರದು, 4ರೊಳಗಿನದಕ್ಕೆ 90, 8ರೊಳಗಿನದಕ್ಕೆ 100, ಅದಕ್ಕಿಂತ ದೊಡ್ಡ ಮಗುವಿಗೆ 110. ಇವರ ಮೊತ್ತ 107. ಅಂದರೆ 8 ವರ್ಷ ದಾಟಿದ ಮಗುವಿಗೆ ಮಾತ್ರ ಅವಕಾಶ. ‘ಒಂದು ಕೂಸು ತಂದು ಸಾಕಿ’ ಎಂದು ನಾವು ಜಗುಲಿಯ ಮೇಲೆ ಕೂತು ಹೇಳಿದ್ದು ಆಗದ ಕೆಲಸ. ಮುಚ್ಚಿದ ಬಾಗಿಲನ್ನು ತೋರಿಸಿ ‘ಇದೋ ದಾರಿ’ ಎಂದ ಹಾಗಾಯಿತು.

ಪಂಜಾಬಿನ ಗಾಯಕ ಸಿಧು ಮೂಸೆವಾಲಾ ಅವರ ತಾಯಿತಂದೆಯ ಉದಾಹರಣೆಯನ್ನು ಕೆಲವರು ಕೊಡುತ್ತಾರೆ. 2022ರ ಮೇ ತಿಂಗಳಲ್ಲಿ ಅವರ ಒಬ್ಬನೇ ಮಗನ ಕೊಲೆಯಾಯಿತು. 2024ರ ಮಾರ್ಚ್‌ನಲ್ಲಿ ಅವರಿಗೆ ಗಂಡುಮಗು ಹುಟ್ಟಿತು. ತಾಯಿಯ ವಯಸ್ಸಿನ ಕಾರಣದಿಂದ ಕೇಂದ್ರ ಆರೋಗ್ಯ ಸಚಿವಾಲಯ ರಾಜ್ಯದಿಂದ ವರದಿ ಕೇಳಿತು. ಆ ಮನೆಯ ತೀರ್ಮಾನ ಆ ಮನೆಯವರದು, ಅದರ ಬಗ್ಗೆ ನಾವು ಮಾತಾಡುವುದಿಲ್ಲ. ಆದರೆ ಒಂದನ್ನು ಗಮನಿಸಿ. ಮಗು ಹುಟ್ಟಿದ ಮೇಲೂ ಹಿರಿಯ ಮಗನಿಗೆ ನ್ಯಾಯ ಬೇಕು ಎಂದು ಆ ತಂದೆ ಕೇಳುವುದನ್ನು ನಿಲ್ಲಿಸಲಿಲ್ಲ. ಮಡಿಲಿಗೆ ಮಗು ಬಂದಿತು, ಹೋದವನ ಜಾಗ ಹಾಗೇ ಉಳಿಯಿತು.

ನಿಜವಾದ ಕಾರಣ ಇಲ್ಲಿದೆ. ನಾನು ಇಲಾಖೆಯಲ್ಲಿ ಇದ್ದಾಗ ಪಂಪು ಸುಟ್ಟರೆ ಅದೇ ಅಶ್ವಶಕ್ತಿಯ ಇನ್ನೊಂದು ಪಂಪು ಕೂರಿಸುತ್ತಿದ್ದೆವು, ನೀರು ಬರುತ್ತಿತ್ತು. ಅಲ್ಲಿ ಬೇಕಾದದ್ದು ಕೆಲಸ. ಈ ಮನೆಯಲ್ಲಿ ಇಲ್ಲವಾದದ್ದು ‘ಒಂದು ಮಗು’ ಅಲ್ಲ. ರಾತ್ರಿ ಒಂಬತ್ತಕ್ಕೆ ‘ಊಟ ಆಯ್ತೇನಮ್ಮಾ’ ಎಂದು ಫೋನು ಮಾಡುತ್ತಿದ್ದವನು. ಅಪ್ಪನ ಬಿಪಿ ಮಾತ್ರೆ ಮುಗಿಯುವ ದಿನ ನೆನಪಿಟ್ಟುಕೊಂಡಿದ್ದವನು. ಅಪ್ಪನ ಜೊತೆ ವಾದ ಮಾಡಿ, ಮರುದಿನ ಸರಿಹೋಗುತ್ತಿದ್ದವನು. 27 ವರ್ಷದಲ್ಲಿ ಅವನು ಮಗನೂ ಆಗಿದ್ದ, ಸ್ನೇಹಿತನೂ ಆಗಿದ್ದ. ಇವತ್ತು ಹುಟ್ಟಿದ ಕೂಸಿಗೆ 20 ತುಂಬುವಾಗ ಆ ತಂದೆಗೆ 76. ‘ಇನ್ನೊಂದು ಮಾಡಿಕೊಳ್ಳಿ’ ಎಂದಾಗ ತಾಯಿಯ ಕಿವಿಗೆ ಬೀಳುವುದು ‘ನಿಮ್ಮ ಮಗನ ಬದಲಿಗೆ ಯಾರಾದರೂ ಆದೀತು’ ಎಂದು. ಆಮೇಲೆ ಅವರು ನಮ್ಮ ಮುಂದೆ ಅವನ ಹೆಸರು ಎತ್ತುವುದಿಲ್ಲ.

ಹುಟ್ಟುವ ಮಗುವಿನ ಕಡೆಯಿಂದಲೂ ಯೋಚಿಸಬೇಕು. ಅಮೆರಿಕದ ಕೇನ್ ದಂಪತಿ 1964ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಸತ್ತ ಮಗುವಿನ ಬದಲಿಗೆಂದು ಪಡೆದ ಮಕ್ಕಳು ಕಾಣದ ಅಣ್ಣನ ಅಥವಾ ಅಕ್ಕನ ನೆರಳಿನಲ್ಲೇ ಬೆಳೆದು ಕಷ್ಟಪಟ್ಟದ್ದನ್ನು ಅವರು ಕಂಡರು. ಪ್ರತಿ ಹೆಜ್ಜೆಯಲ್ಲೂ ‘ಅವನು ಹೀಗಿರಲಿಲ್ಲ’ ಎಂಬ ಅಳತೆ. ದುಃಖ ತೀರಿಸುವ ಕೆಲಸವನ್ನು ಹಸುಗೂಸಿನ ತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ತಾಯಿತಂದೆ ತಾವಾಗಿಯೇ ಮುಂದೆ ಎಂದಾದರೂ ಮಗುವಿನ ಮಾತು ಎತ್ತಿದರೆ ಕೇಳಿಸಿಕೊಳ್ಳೋಣ. ನಾವಾಗಿ ಎತ್ತುವುದು ಬೇಡ.

‘ಪೂರ್ವಜನ್ಮದ ಕರ್ಮ’ ಎಂಬ ಮಾತೂ ಇಂಥದ್ದೇ. ಅದು ಸತ್ತವನ ಮೇಲೋ ಹೆತ್ತವರ ಮೇಲೋ ತಪ್ಪು ಹೊರಿಸುತ್ತದೆ. ‘ಲಿಂಗದಲ್ಲಿ ಬೆರೆತಿದ್ದಾನೆ, ಅಳಬಾರದು’ ಎನ್ನುವುದೂ ಬೇಡ. ನಂಬಿಕೆ ಇದ್ದವರಿಗೂ ಕಣ್ಣೀರು ಬರುತ್ತದೆ.

ಹಾಗಾದರೆ ಏನು ಹೇಳಬೇಕು? ಬಹಳ ಕಡಿಮೆ. ‘ಸುದ್ದಿ ಕೇಳಿ ಬಂದೆ ಅಕ್ಕಾ. ಏನು ಹೇಳಬೇಕೋ ತಿಳಿಯುತ್ತಿಲ್ಲ’ ಎಂದು ಹತ್ತಿರ ಕೂತರೆ ಸಾಕು. ಮಗನ ಹೆಸರು ಹಿಡಿದು ಮಾತಾಡಿ. ನಿಮಗೆ ನೆನಪಿರುವ ಒಂದು ಸಂಗತಿ ಹೇಳಿ: ‘ನಮ್ಮ ಮನೆಯ ಮೋಟರ್ ಕೆಟ್ಟಾಗ ಅವನೇ ಬಂದು ನೋಡಿದ್ದ.’ ಅವರು ಕಾಣದ ಮಗನ ಒಂದು ತುಣುಕು ಅವರಿಗೆ ಸಿಕ್ಕ ಹಾಗಾಗುತ್ತದೆ. ಅಪಘಾತ ಹೇಗಾಯಿತು, ಹೆಲ್ಮೆಟ್ ಇತ್ತೇ ಎಂದು ಕೆದಕಬೇಡಿ. ತಂದೆಗೆ ‘ನೀವೇ ಹೀಗಾದರೆ ಹೇಗೆ, ಧೈರ್ಯ ತಗೊಳ್ಳಿ’ ಎನ್ನಬೇಡಿ. ಆ ಮಾತಿನಿಂದ ಅವರು ಬಚ್ಚಲುಮನೆಯಲ್ಲಿ ಅಳಬೇಕಾಗುತ್ತದೆ. ಅವರು ಹೇಳಿದ್ದನ್ನೇ ನಾಲ್ಕು ಸಲ ಹೇಳಿದರೂ ಕೇಳಿ.

ಸೂತಕವನ್ನು ಶರಣರು ಒಪ್ಪಲಿಲ್ಲ. ಆ ಮನೆಗೆ ಇಂಥ ದಿನ ಹೋಗಬಾರದು, ನೀರು ಮುಟ್ಟಬಾರದು ಎಂಬ ನೆಪ ನಮಗಿಲ್ಲ. ಹಾಗಿರುವಾಗ ಶಿವಗಣಾರಾಧನೆ ಮುಗಿದ ಮೇಲೆ ನಾವು ಕಾಣೆಯಾಗುವುದಾದರೂ ಏಕೆ? ಮನೆ ಖಾಲಿಯಾಗುವುದೇ ಆಗ. ಆ ಹೊತ್ತಿಗೆ ಕಾಗದಪತ್ರಗಳ ಕೆಲಸ ಬರುತ್ತದೆ. ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕು. ಅಪಘಾತದ ಪರಿಹಾರಕ್ಕೆ ನ್ಯಾಯಮಂಡಳಿಯಲ್ಲಿ ಆರು ತಿಂಗಳೊಳಗೆ ಅರ್ಜಿ ಹಾಕುವುದು ಕ್ಷೇಮ. ಭವಿಷ್ಯನಿಧಿ ಕಚೇರಿ, ಬ್ಯಾಂಕು ಎಲ್ಲ ಕಡೆ ‘ಮೃತರಿಗೆ ನೀವು ಏನಾಗಬೇಕು’ ಎಂದು ಕೇಳುತ್ತಾರೆ. ಪ್ರತಿ ಕಿಟಕಿಯಲ್ಲೂ ಆ ತಂದೆ ಒಬ್ಬರೇ ನಿಂತು ಉತ್ತರ ಕೊಡುವ ಹಾಗೆ ಮಾಡಬೇಡಿ. ‘ಏನಾದರೂ ಬೇಕಿದ್ದರೆ ಹೇಳಿ’ ಎಂದರೆ ಅವರು ಹೇಳುವುದಿಲ್ಲ. ‘ಸೋಮವಾರ ಹತ್ತಕ್ಕೆ ಬರುತ್ತೇನೆ, ಜೊತೆಗೆ ಹೋಗೋಣ’ ಎನ್ನಿ, ಹೇಳಿದ ಹೊತ್ತಿಗೆ ಹೋಗಿ.

ಒಂದು ಎಚ್ಚರಿಕೆ. ಅಳುವುದು, ಮಗನ ಬಟ್ಟೆ ಎತ್ತಿಡದಿರುವುದು, ಅವನ ನಂಬರಿಗೆ ರೀಚಾರ್ಜ್ ಮಾಡಿಸುತ್ತಿರುವುದು ಕಾಯಿಲೆಯಲ್ಲ. ಆದರೆ ವಾರಗಟ್ಟಲೆ ಊಟ ನಿದ್ದೆ ಬಿಟ್ಟರೆ, ‘ನಾನೂ ಅವನ ಹತ್ತಿರ ಹೋಗುತ್ತೇನೆ’ ಎಂಬ ಮಾತು ಬಂದರೆ, ಅವರನ್ನು ಒಂಟಿಯಾಗಿ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ವೈದ್ಯರ ಹತ್ತಿರ ಕರೆದೊಯ್ಯಿರಿ.

ಕೊನೆಯದಾಗಿ, ಆ ಮಗನ ಹುಟ್ಟುಹಬ್ಬದ ದಿನವನ್ನು ನಿಮ್ಮ ಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಆ ದಿನ ಒಂದು ಫೋನು ಮಾಡಿ, ಅವನ ಹೆಸರು ಹೇಳಿ ಮಾತಾಡಿಸಿ. ಊರೆಲ್ಲ ಮರೆತ ದಿನ ತಾಯಿತಂದೆಗೆ ಅದೊಂದು ನೆನಪಿರುತ್ತದೆ.