ಚೀಟಿ ಬರೆಯುವವನು ಈಗ ಜೇಬಿನಲ್ಲಿದ್ದಾನೆ!

(ಬೆಟ್ಟಿಂಗ್ ಆ್ಯಪ್‌ಗಳ ವಿರುದ್ಧ ಕತ್ತಲಗೆರೆಯಲ್ಲಿ ನಡೆದ ಜಾಗೃತಿ ಸಭೆಯಲ್ಲಿ ಕಾಲೇಜು ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಹಿಂದೆ ಓಸಿ ಚೀಟಿ ಬರೆಯುವವನು ಯಾರೆಂದು ಇಡೀ ಊರಿಗೆ ಗೊತ್ತಿತ್ತು. ಅವನ ಬಳಿ ಹುಡುಗ ನಿಂತರೆ ಸಂಜೆಯೊಳಗೆ ಅಪ್ಪನ ಕಿವಿಗೆ ಬೀಳುತ್ತಿತ್ತು. ಇಂದು ಅವನು ನಮ್ಮ ಜೇಬಿನಲ್ಲೇ ಕುಳಿತಿದ್ದಾನೆ. ಅವನನ್ನು ಪರಿಚಯ ಮಾಡಿಸಿದ್ದು ಯಾರು? ಕ್ರಿಕೆಟ್ ಪಂದ್ಯದ ನಡುವೆ ಬಂದ ಜಾಹೀರಾತು!

ಬಾಜಿ ಕಂಪನಿಗಳು ತಮ್ಮ ಹೆಸರಿನಲ್ಲೇ ಸುದ್ದಿತಾಣ ತೆರೆದು, ಅದರ ಜಾಹೀರಾತು ಎಂದು ನಾಟಕವಾಡಿದವು. ಇಂಥವನ್ನು ತೋರಿಸಬೇಡಿ ಎಂದು ಕೇಂದ್ರ ಸರ್ಕಾರ 2022ರಲ್ಲಿ ಟಿವಿಗಳಿಗೆ ಹೇಳಬೇಕಾಯಿತು. ಹಣ ಕಟ್ಟಿ ಆಡುವ ಆಟದ ಜಾಹೀರಾತಿನಲ್ಲಿ ಎಚ್ಚರಿಕೆಯ ಮಾತು ಜಾಹೀರಾತಿನ ಭಾಷೆಯಲ್ಲೇ, ಸಾಮಾನ್ಯ ವೇಗದಲ್ಲೇ ಇರಬೇಕೆಂದು ಜಾಹೀರಾತು ಮಾನದಂಡ ಮಂಡಳಿ 2020ರಲ್ಲೇ ಹೇಳಿತ್ತು. ನಮಗೆ ಕೇಳಿಸಿದ್ದು ರೈಲು ಓಡಿದಂಥ ಸದ್ದು. ನನ್ನ ಗೆಳೆಯನ ಮೊಬೈಲಿನಲ್ಲಿದ್ದ ಆ್ಯಪ್ ಕರೆದದ್ದು ಸೊಗಸಾದ ಕನ್ನಡದಲ್ಲಿ, ಷರತ್ತುಗಳಿದ್ದದ್ದು ಇಂಗ್ಲಿಷಿನಲ್ಲಿ. ದುಡ್ಡು ಕೀಳಲು ಮಾತ್ರ ಇವರಿಗೆ ಕನ್ನಡ ಬೇಕು!

ಲೆಕ್ಕ ನೋಡಿ. ಎರಡು ಸಮಬಲದ ತಂಡಗಳು. ಯಾವುದರ ಮೇಲೆ ನೂರು ಕಟ್ಟಿ ಗೆದ್ದರೂ 190 ಕೊಡುತ್ತಾರೆ. ನೀವು ಒಂದು ಕಡೆ, ನಿಮ್ಮ ಗೆಳೆಯ ಇನ್ನೊಂದು ಕಡೆ ನೂರು ಕಟ್ಟಿದಿರಿ. ಆ್ಯಪಿನವನ ಕೈಗೆ 200 ಬಂತು, ಗೆದ್ದವನಿಗೆ 190 ಹೋಯಿತು. ಯಾರು ಸೋತರೂ ಅವನಿಗೆ ಹತ್ತು ಖಚಿತ. ಖೇಣಿದಾರನಾದರೂ ತೋಟ ಸುತ್ತಿ, ಗೊನೆ ನೋಡಿ, ನಷ್ಟದ ಭಯ ಇಟ್ಟುಕೊಂಡೇ ಖೇಣಿ ಹಿಡಿಯುತ್ತಾನೆ. ಇವನಿಗೆ ಆ ಭಯವೂ ಇಲ್ಲ. ಬಂದ ಹಣವನ್ನೆಲ್ಲ ಮತ್ತೆ ಮತ್ತೆ ಕಟ್ಟುತ್ತಾ ಹೋದರೆ, ಹದಿನಾಲ್ಕು ಬಾಜಿ ಮುಗಿಯುವಷ್ಟರಲ್ಲಿ ಆಡುವವರೆಲ್ಲರ ಸರಾಸರಿ ಹಣ ಅರ್ಧಕ್ಕಿಳಿಯುತ್ತದೆ. ಗೆದ್ದವನೊಬ್ಬ ಊರೆಲ್ಲ ಹೇಳಿಕೊಂಡು ಬರುತ್ತಾನೆ, ಸೋತವರು ಬಾಯಿ ಬಿಡುವುದಿಲ್ಲ.

2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಜಾಹೀರಾತು ಕೊಟ್ಟವರಿಗೆ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಆದರೆ ಕಳ್ಳದಾರಿಯವರು ಲಿಂಕ್ ಕಳಿಸುತ್ತಾರೆ. ಗುರುತು ಹಿಡಿಯುವುದು ಸುಲಭ: ಹಣ ಕಟ್ಟುವಾಗ ಕಂಪನಿಯ ಹೆಸರು ಬರುವುದಿಲ್ಲ, ಯಾರೋ ಒಬ್ಬ ವ್ಯಕ್ತಿಯ ಹೆಸರು ಬರುತ್ತದೆ, ಪ್ರತಿ ಸಲ ಬೇರೆ ಹೆಸರು. ಗೆದ್ದ ಹಣ ಕೇಳಿದರೆ ಮೊದಲು ತೆರಿಗೆ ಕಟ್ಟು ಎನ್ನುತ್ತಾರೆ. ಆ ಘಳಿಗೆಯಲ್ಲಿ ಮತ್ತೆ ಕಟ್ಟಬೇಡಿ, 1930ಕ್ಕೆ ಫೋನ್ ಮಾಡಿ. ತಡ ಮಾಡಿದಷ್ಟೂ ಹಣ ಖಾತೆಯಿಂದ ಖಾತೆಗೆ ಜಾರುತ್ತದೆ.

ಆ ಬೇರೆ ಬೇರೆ ಹೆಸರುಗಳು ಯಾರವು ಗೊತ್ತೆ? ನಮ್ಮಂಥ ಹುಡುಗರವು. ನನ್ನ ಅದೇ ಗೆಳೆಯ ಸೋತ ಮೇಲೆ, ತಿಂಗಳಿಗಿಷ್ಟು ಕೊಡುತ್ತೇವೆಂದು ಅವನ ಪಾಸ್‌ಬುಕ್, ಎಟಿಎಂ ಕಾರ್ಡು, ಸಿಮ್ ಕೇಳಿದರು. ಕೊಟ್ಟ. ಯಾರದೋ ದೂರಿನ ಮೇಲೆ ಖಾತೆಗೆ ತಡೆ ಬಿತ್ತು, ಹೊರ ರಾಜ್ಯದ ಪೊಲೀಸರ ನೋಟಿಸು ಮನೆಗೆ ಬಂತು. ಅವನ ಅಪ್ಪ ಅಡಿಕೆ ಮಾರಿದ ಹಣ ಹಾಕಿದ್ದೂ ಅದೇ ಖಾತೆಗೆ. ಇವತ್ತಿಗೂ ಅದು ಕೈಗೆ ಬಂದಿಲ್ಲ.