ತುಂಗಭದ್ರಾ: 33 ಗೇಟುಗಳ ಮೇಲೆ ನಿಂತ ನೀರು

ಇವತ್ತು ಮಾತಾಡೋದು ಹೊಸಪೇಟೆ ಹತ್ತಿರದ ತುಂಗಭದ್ರಾ ಡ್ಯಾಮ್ ಬಗ್ಗೆ. 2024ರ ಆಗಸ್ಟ್ 10ರ ರಾತ್ರಿ ಅಲ್ಲಿನ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ, ಗೇಟೇ ಕೊಚ್ಚಿಕೊಂಡು ಹೋಯ್ತು. ಆಗ ಟಿವಿಯಲ್ಲಿ ಕಂಡದ್ದು ವಿಚಿತ್ರ ದೃಶ್ಯ. ಒಂದು ಗೇಟಿಂದ ನೀರು ಸೋರಿ ಹೋಗ್ತಿದೆ ಅಂತ ಗಾಬರಿ, ಆದ್ರೆ ಅಧಿಕಾರಿಗಳು ಉಳಿದ ಗೇಟುಗಳನ್ನೂ ತೆಗೆಸಿ ಇನ್ನಷ್ಟು ನೀರನ್ನು ಹೊಳೆಗೆ ಬಿಡ್ತಿದ್ದಾರೆ. ಯಾಕೆ?

ಇದು ಅರ್ಥ ಆಗ್ಬೇಕಾದ್ರೆ ಡ್ಯಾಮಿನ ಗೋಡೆಯನ್ನ ನೋಡ್ಬೇಕು. ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1633 ಅಡಿ. ಆದ್ರೆ ನೀರು ಹೊರಗೆ ಬಿಡೋ ಭಾಗದಲ್ಲಿ ಕಲ್ಲಿನ ಗೋಡೆ 1613 ಅಡಿಗೇ ನಿಲ್ಲುತ್ತೆ. ಅದರ ಮೇಲಿನ 20 ಅಡಿ ನೀರನ್ನ ಅಲ್ಲಿ ತಡೆಯೋದು 33 ಉಕ್ಕಿನ ಗೇಟುಗಳು, ಒಂದೊಂದೂ 60 ಅಡಿ ಅಗಲ. ಜಲಾಶಯದ ಮೇಲ್ಭಾಗ ತಟ್ಟೆ ತರ ಅಗಲವಾಗಿರೋದರಿಂದ ಆ 20 ಅಡಿಯಲ್ಲೇ ಸುಮಾರು 60 ಟಿಎಂಸಿ ನೀರಿದೆ. ತುಂಬಿದ ಡ್ಯಾಮಿನ ಒಟ್ಟು ನೀರು 105 ಟಿಎಂಸಿ. ಅಂದ್ರೆ ಅರ್ಧಕ್ಕಿಂತ ಹೆಚ್ಚು ನೀರು ಈ ಗೇಟುಗಳ ಭರವಸೆ ಮೇಲೇ ನಿಂತಿದೆ.

ಲೆಕ್ಕ ಸರಳ. ಸೆಕೆಂಡಿಗೆ ಒಂದು ಘನ ಅಡಿ ಹರಿದ್ರೆ ಒಂದು ಕ್ಯೂಸೆಕ್. 11,574 ಕ್ಯೂಸೆಕ್ ನೀರು ಒಂದು ದಿನ ಪೂರ್ತಿ ಹರಿದ್ರೆ ಒಂದು ಟಿಎಂಸಿ. ಆ ಒಂದೇ ಗೇಟಿಂದ ಸುಮಾರು 35,000 ಕ್ಯೂಸೆಕ್ ಹೋಗ್ತಿತ್ತು, ಅಂದ್ರೆ ದಿನಕ್ಕೆ 3 ಟಿಎಂಸಿ. ಬಾಯಿಗೆ ಅಡ್ಡ ಇಡೋಕೆ ತಯಾರಾದ ಬದಲಿ ಗೇಟ್ ಇರ್ಲಿಲ್ಲ. ಅಷ್ಟು ರಭಸದಲ್ಲಿ ಕೆಲಸ ಮಾಡೋದೂ ಕಷ್ಟ. ಹಾಗಾಗಿ ಮಟ್ಟ ಇಳಿಸಿ ರಭಸ ಕಡಿಮೆ ಮಾಡೋದೇ ದಾರಿ. ಉಳಿದ ಗೇಟುಗಳನ್ನ ತೆಗೆದದ್ದು ಅದಕ್ಕೇ. ಒಟ್ಟು ಒಂದು ಲಕ್ಷ ಕ್ಯೂಸೆಕ್ ಬಿಟ್ರೆ ದಿನಕ್ಕೆ ಎಂಟೂವರೆ ಟಿಎಂಸಿ ಖಾಲಿ.

ಮೊದಲ ಅಂದಾಜಿನಲ್ಲಿ 1613 ಅಡಿವರೆಗೂ, ಅಂದ್ರೆ ಆ 60 ಟಿಎಂಸಿಯೂ ಹೋಗ್ಬೇಕಿತ್ತು. ಅದು ಕೊಪ್ಪಳ, ರಾಯಚೂರು, ಬಳ್ಳಾರಿ, ವಿಜಯನಗರ ಜಿಲ್ಲೆಗಳ ಜೊತೆಗೆ ಆಂಧ್ರ, ತೆಲಂಗಾಣದ ರೈತರ ಭತ್ತದ ನೀರು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ತಲಾ 4 ಅಡಿ ಎತ್ತರದ ಐದು ಉಕ್ಕಿನ ತುಂಡುಗಳನ್ನ ಒಂದರ ಮೇಲೊಂದು ಇಳಿಸೋ ಸ್ಟಾಪ್‌ಲಾಗ್ ತಯಾರಾಯ್ತು. ನೀರು ಹರೀತಿರೋವಾಗಲೇ, ಆಗಸ್ಟ್ 16ಕ್ಕೆ ಮೊದಲ ತುಂಡು ಕೂತು, ಮರುದಿನಕ್ಕೆ ಬಾಯಿ ಮುಚ್ಚಿತು. ಆಗ ಜಲಾಶಯದಲ್ಲಿ ಸುಮಾರು 71 ಟಿಎಂಸಿ ಉಳಿದಿತ್ತು. ಆಮೇಲೆ ಮಳೆ ಬಂದು ಮತ್ತೆ ತುಂಬಿಕೊಂಡ್ತು. ಅದು ಅದೃಷ್ಟ. ಇದೇ ಚೈನ್ ಮಳೆಗಾಲ ಮುಗಿದ ಮೇಲೆ ಹರಿದಿದ್ರೆ, ಹೋದ ನೀರು ವಾಪಸ್ ಬರ್ತಿರ್ಲಿಲ್ಲ.

ಹಾಗೆ ಹೋದ ನೀರಿಂದ ಕರೆಂಟೂ ಸಿಗಲ್ಲ. ಕಾಲುವೆಗೆ ಬಿಡೋ ನೀರು ಡ್ಯಾಮಿನ ಬುಡದ ಪವರ್‌ಹೌಸ್‌ನಲ್ಲಿ ಟರ್ಬೈನ್ ತಿರುಗಿಸಿ, ಆಮೇಲೆ ಗದ್ದೆಗೆ ಹೋಗುತ್ತೆ. ಒಂದೇ ನೀರು, ಎರಡು ಕೆಲಸ. ಕ್ರೆಸ್ಟ್ ಗೇಟಿಂದ ಬಿದ್ದ ನೀರು ನೇರ ಹೊಳೆಗೆ. ಹಂಪಿಯ ಪುರಂದರ ಮಂಟಪ, ಕಂಪ್ಲಿ ಸೇತುವೆ ಮುಳುಗೋದು ಆಗಲೇ. ಗೇಟು ಮುಚ್ಚಿ, ನೀರೆಲ್ಲ ಕಾಲುವೆಗೆ ತಿರುಗಿದ ಮೇಲೆ ಅದೇ ಹೊಳೆಯಲ್ಲಿ ಬೇಸಿಗೆಗೆ ಬಂಡೆಗಳೇ ಕಾಣ್ತವೆ. ಕೆಳಗಿನ ಊರಿಗೆ ನದಿ ಅಂದ್ರೆ ಈಗ ಮೇಲಿನಿಂದ ಬಿಟ್ಟಷ್ಟು.

ನೀರಷ್ಟೇ ಅಲ್ಲ, ಮಣ್ಣೂ ತಡೆಯಲ್ಪಡುತ್ತೆ. ಹರಿಯೋ ನೀರು ಜಲಾಶಯಕ್ಕೆ ಬಂದು ನಿಧಾನವಾದ ಕೂಡ್ಲೇ ಮರಳು ಮೊದಲು ಕೂರುತ್ತೆ, ನುಣುಪು ಹೂಳು ಡ್ಯಾಮಿನ ತನಕ ಬರುತ್ತೆ. 1953ರಲ್ಲಿ ನೀರು ನಿಲ್ಲಿಸಲು ಶುರು ಮಾಡಿದಾಗ 133 ಟಿಎಂಸಿ ಇದ್ದ ಜಾಗ ಈಗ 105ಕ್ಕೆ ಇಳಿದಿದೆ. ಹೂಳು ತಳವನ್ನ ತುಂಬ್ತಾ ಹೋದಷ್ಟೂ ನಾವು ಮೇಲಿನ 20 ಅಡಿಯನ್ನ, ಅಂದ್ರೆ ಗೇಟುಗಳನ್ನ, ಹೆಚ್ಚು ನಂಬಬೇಕಾಗುತ್ತೆ. ಎರಡೂ ಸಮಸ್ಯೆ ಬೇರೆ ಬೇರೆ ಅನ್ಸುತ್ತೆ, ಆದ್ರೆ ಒಂದು ಇನ್ನೊಂದನ್ನ ದೊಡ್ಡದು ಮಾಡ್ತಿದೆ.

2025ರಲ್ಲಿ ಇದರ ಬಿಲ್ ಬಂತು. ಹಳೇ ಗೇಟುಗಳ ಮೇಲೆ ಒತ್ತಡ ಬೇಡ ಅಂತ ಒಳ್ಳೆ ಮಳೆ ಇದ್ರೂ ಸುಮಾರು 80 ಟಿಎಂಸಿಗೇ ನಿಲ್ಲಿಸಿದ್ರು. 33 ಗೇಟುಗಳನ್ನೂ ಬದಲಿಸಲು ಎರಡನೇ ಬೆಳೆಗೆ ನೀರಿಲ್ಲ ಅಂತ ತೀರ್ಮಾನವಾಯ್ತು. ಗೇಟಿನ ನಿರ್ವಹಣೆ ಮುಂದೂಡಿದ್ದಕ್ಕೆ ರೈತರು ಒಂದು ಬೆಳೆ ಕೊಟ್ರು.

ಮುಂದಿನ ಸಲ ಪೇಪರಿನಲ್ಲಿ ಡ್ಯಾಮಿನ ಸುದ್ದಿ ನೋಡುವಾಗ 'ತುಂಬಿದೆ' ಅನ್ನೋದ್ರಲ್ಲೇ ನಿಲ್ಲಬೇಡಿ. ಇವತ್ತಿನ ಮಟ್ಟ ಎಷ್ಟು, ಒಳಹರಿವು ಎಷ್ಟು, ಕಾಲುವೆಗೆ ಎಷ್ಟು, ಹೊಳೆಗೆ ಎಷ್ಟು ಅಂತ ನೋಡಿ. ಮಟ್ಟ 1613 ದಾಟಿದ್ರೆ, ಅದರ ಮೇಲಿನದ್ದೆಲ್ಲ ಗೇಟಿನ ಸಾಲ. ಸಿಗೋಣ.